ಪಾಯದಲ್ಲಿ ಮೆತ್ತನೆ ಮಣ್ಣು ಸಿಕ್ಕರೆ ಸೈಜುಗಲ್ಲು ತುಂಬಿದರೆ ಸಾಕೇ? ಎಂಜಿನಿಯರ್ ಬರೆಯುವ ಪತ್ರವನ್ನು ಓದುವುದು ಹೇಗೆ?

ಸಾಲ ಮಂಜೂರಾಗಿದೆ, ಗುದ್ದಲಿ ಪೂಜೆ ಆಗಿದೆ, ಜೆಸಿಬಿ ಬಂದು ಹನ್ನೆರಡು ಗುಂಡಿ ತೆಗೆದಿದೆ. ಮೂಲೆಯ ಒಂದು ಗುಂಡಿಯಲ್ಲಿ ಮಾತ್ರ ಕೆಂಪು ಗರಸಿನ ಬದಲು ಕಪ್ಪು ಕೆಸರು. ಎರಡು ದಿನ ಕಳೆದ ಮೇಲೆ ಸೈಟ್ ಎಂಜಿನಿಯರ್ ಒಂದು ಪತ್ರ ಕಳಿಸುತ್ತಾರೆ: ಪಾಯದ ನಕ್ಷೆ ಬದಲಾಗಬೇಕು, ಖರ್ಚು ಹೆಚ್ಚಾಗುತ್ತದೆ, ಸುಮಾರು ಮೂರು ವಾರ ತಡವಾಗುತ್ತದೆ. ಪತ್ರದ ಫೋಟೊ ಮನೆಯವರ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಐದು ನಿಮಿಷದಲ್ಲಿ ಸಲಹೆಗಳು ಶುರು. ‘ಎರಡು ಟ್ರ್ಯಾಕ್ಟರ್ ಸೈಜುಗಲ್ಲು ಹಾಕಿ, ನೀರು ಬಿಟ್ಟು ಕುಟ್ಟಿಸಿ, ಸರಿ ಹೋಗುತ್ತೆ.’ ‘ಕಂಬಿ ಜಾಸ್ತಿ ಹಾಕಿಸಿ.’ ‘ಪಕ್ಕದ ಮನೆ ನಿಂತಿಲ್ವಾ?’ ಕೊನೆಗೆ, ‘ಇದೆಲ್ಲ ದುಡ್ಡು ಮಾಡುವ ದಾರಿ.’

ಈ ಸಲಹೆಗಳಲ್ಲಿ ಯಾವುದು ನಿಜ, ಯಾವುದು ಅಲ್ಲ? ನಾವು ಇಲ್ಲಿ ಒಂದು ಮಾದರಿ ಪತ್ರವನ್ನು ಇಟ್ಟುಕೊಂಡು ನೋಡುತ್ತೇವೆ. ಪತ್ರದ ಸೈಟು ಕಾಲ್ಪನಿಕ, ಆದರೆ ಮಣ್ಣು, ಅಳತೆ, ಲೆಕ್ಕ ಎಲ್ಲವೂ ನಂಜನಗೂಡು, ತಿ.ನರಸೀಪುರ ಕಡೆ ಎದುರಾಗಬಹುದಾದ ಬಗೆಯವು.

ಒಂದೇ ಸೈಟಿನಲ್ಲಿ ಎರಡು ಮಣ್ಣು ಹೇಗೆ?

ಮೈಸೂರು ಜಿಲ್ಲೆಯ ಈ ಭಾಗದಲ್ಲಿ ಏರು ಜಾಗಗಳಲ್ಲಿ ಸಾಮಾನ್ಯವಾಗಿ ಕೆಂಪು ಮಣ್ಣು. ಅದರ ಕೆಳಗೆ ಬಂಡೆ ಕೊಳೆತು ಆದ ಗಟ್ಟಿ ಗರಸು, ಮೇಸ್ತ್ರಿಗಳು ಮೊರಂ ಅನ್ನುವುದು ಅದನ್ನೇ. ಪಾಯಕ್ಕೆ ಅದು ಒಳ್ಳೆಯ ನೆಲ. ತಗ್ಗಿನಲ್ಲಿ ಕತೆ ಬೇರೆ. ನಂಜನಗೂಡಿನಲ್ಲಿ ಕಪಿಲೆ ಹರಿಯುತ್ತಾಳೆ, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಎರಡೂ ನದಿಗಳು ದಡದ ಮೇಲೆ ಮಡ್ಡಿ ಹರಡಿವೆ. ಹಳ್ಳಗಳ ಬದಿಯಲ್ಲಿ ಎರೆಮಣ್ಣು ಕೂತಿದೆ. ಅದರ ಮೇಲೆ ನಾಲೆ ನೀರು, ಭತ್ತದ ಗದ್ದೆ, ಹಳೆ ಕಟ್ಟೆ, ಮುಚ್ಚಿದ ಬಾವಿ, ಇಟ್ಟಿಗೆಗೆ ಮಣ್ಣು ತೆಗೆದ ಗುಂಡಿ. ನಂಜನಗೂಡು ರಸಬಾಳೆಗೆ ಹೆಸರು ತಂದ ಜಿಗುಟು ಕಪ್ಪು ಮಣ್ಣೇ ಮನೆಯ ಪಾಯಕ್ಕೆ ತಲೆನೋವು. ಬಾಳೆಗೆ ನೀರು ಹಿಡಿದಿಡುವ ಗುಣ ಬೇಕು, ಪಾಯಕ್ಕೆ ಅದು ಬೇಡ.

ಗದ್ದೆಯನ್ನು ಬಡಾವಣೆ ಮಾಡುವಾಗ ಹಳ್ಳ, ಕಟ್ಟೆ, ಬಾವಿಗಳನ್ನು ಮುಚ್ಚಿ ಮೇಲೆ ಒಂದಡಿ ಕೆಂಪು ಮಣ್ಣು ಹರಡುತ್ತಾರೆ. ಮೇಲಿನಿಂದ ನೋಡಿದರೆ ಇಡೀ ಸೈಟು ಒಂದೇ ಬಣ್ಣ. ಒಳಗೆ ಒಂದು ಮೂಲೆಯಲ್ಲಿ ಮಾತ್ರ ಹಳೆಯ ತಗ್ಗು ಹಾಗೇ ಇರುತ್ತದೆ. ಎಂಜಿನಿಯರುಗಳು ‘ಸಾಫ್ಟ್ ಪಾಕೆಟ್’ ಅನ್ನುವುದು ಇದಕ್ಕೆ. ಪಕ್ಕದ ಮನೆ ನಿಂತಿದೆ ಎಂಬ ವಾದ ಇಲ್ಲೇ ಬಿದ್ದುಹೋಗುತ್ತದೆ. ಪಕ್ಕದ ಮನೆ ಹಳೆ ಕಟ್ಟೆಯ ಏರಿಯ ಮೇಲಿರಬಹುದು, ನಿಮ್ಮ ಮೂಲೆ ಅದೇ ಕಟ್ಟೆಯ ಒಳಗಿರಬಹುದು.

ಪತ್ರದ ಮೊದಲ ಭಾಗ: ಏನು ಕಂಡಿತು

ಪತ್ರ ಹೀಗೆ ಶುರುವಾಗುತ್ತದೆ:

“ಮಾನ್ಯರೇ, ತಮ್ಮ 30×40 ಅಡಿ ನಿವೇಶನದಲ್ಲಿ ತೆಗೆದ 12 ಗುಂಡಿಗಳ ಪೈಕಿ 10ರಲ್ಲಿ ನಕ್ಷೆಯಲ್ಲಿರುವಂತೆ 1.5 ಮೀಟರ್ ಆಳಕ್ಕೆ ಗಟ್ಟಿ ಗರಸು ಸಿಕ್ಕಿದೆ. ಈಶಾನ್ಯ ಮೂಲೆಯ 12ನೇ ಗುಂಡಿಯ ತಳದಲ್ಲಿ ಕಪ್ಪು ಒದ್ದೆ ಜೇಡಿ ಇದೆ. ಅದರಲ್ಲಿ ಹೆಂಚಿನ ಚೂರು, ಬಸವನಹುಳದ ಚಿಪ್ಪು, ಕೊಳೆತ ಹುಲ್ಲು ಸಿಕ್ಕಿವೆ. 16 ಮಿ.ಮೀ. ಕಂಬಿಯನ್ನು ಕೈಯಲ್ಲಿ ಒತ್ತಿದರೆ ಒಂದು ಮೀಟರಿಗಿಂತ ಹೆಚ್ಚು ಇಳಿಯುತ್ತದೆ. 11ನೇ ಗುಂಡಿಯ ತಳದಲ್ಲಿ ಅರ್ಧ ಗರಸು, ಅರ್ಧ ಇದೇ ಜೇಡಿ. ನಿನ್ನೆ 12ನೇ ಗುಂಡಿಯ ಪಕ್ಕ ಬೋರ್ ತೆಗೆಸಿ ಪರೀಕ್ಷೆ ಮಾಡಿಸಿದ್ದೇವೆ. ನೆಲಮಟ್ಟದಿಂದ 3.5 ಮೀಟರ್‌ವರೆಗೆ ಎನ್ ಸಂಖ್ಯೆ 3, ಅದರ ಕೆಳಗೆ ಗರಸಿನಲ್ಲಿ 24. ನೀರು 2 ಮೀಟರ್ ಆಳದಲ್ಲಿ ಕಂಡಿದೆ. ಟೇಪ್ ಇಟ್ಟು ತೆಗೆದ ಫೋಟೊಗಳನ್ನು ಲಗತ್ತಿಸಿದೆ.”

ಹೆಂಚಿನ ಚೂರು ಇದೆ ಅಂದರೆ ಆ ಮಣ್ಣನ್ನು ಮನುಷ್ಯರು ತಂದು ಸುರಿದಿದ್ದಾರೆ. ಬಸವನಹುಳದ ಚಿಪ್ಪು ಇದೆ ಅಂದರೆ ಅಲ್ಲಿ ಹಿಂದೆ ನೀರು ನಿಂತಿತ್ತು. ಇವೆರಡೂ ಸೇರಿದರೆ ಅದು ಮುಚ್ಚಿದ ತಗ್ಗು ಎಂಬ ಅನುಮಾನ ಗಟ್ಟಿಯಾಗುತ್ತದೆ. ಇದನ್ನು ನೀವೂ ಪರೀಕ್ಷಿಸಬಹುದು. ಸರ್ವೆ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಹಳ್ಳ, ಕೆರೆ, ಬಾವಿಗಳ ಗುರುತು ಇರುತ್ತದೆ. ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ನಿಮ್ಮ ಸೈಟು ಆ ನಕ್ಷೆಯ ಯಾವ ಕಡೆ ಬರುತ್ತದೆ ಎಂದು ಹುಡುಕಲು ನೆರವಾಗುತ್ತದೆ. ಆ ಜಮೀನನ್ನು ಹಿಂದೆ ಉಳುತ್ತಿದ್ದ ಹಿರಿಯರನ್ನು ಕೇಳಿದರೆ ಇನ್ನೂ ಬೇಗ ಗೊತ್ತಾಗುತ್ತದೆ.

ಎನ್ ಸಂಖ್ಯೆ ಎಂದರೆ ಏನು? 63.5 ಕೆ.ಜಿ. ತೂಕದ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸಿ ಒಂದು ಕೊಳವೆಯನ್ನು ನೆಲಕ್ಕೆ ಹೊಡೆಯುತ್ತಾರೆ. ಮೊದಲ 15 ಸೆಂ.ಮೀ. ಲೆಕ್ಕಕ್ಕಿಲ್ಲ. ಮುಂದಿನ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕಾಯಿತೋ ಅದೇ ಎನ್. ಮೂರು ಪೆಟ್ಟಿಗೆ ಇಳಿದರೆ ಅದು ಮೆತ್ತನೆ ಜೇಡಿ. ಇಪ್ಪತ್ತನಾಲ್ಕು ಪೆಟ್ಟು ಬೇಕಾದರೆ ಸಾಧಾರಣ ಮನೆಗೆ ನಂಬಬಹುದಾದ ನೆಲ.

ಕಂಬಿ ಒತ್ತಿ ನೋಡುವುದು ಒಳ್ಳೆಯ ಮೊದಲ ಪರೀಕ್ಷೆ, ಆದರೆ ಏಪ್ರಿಲ್‌ನಲ್ಲಿ ಅದು ಮೋಸ ಮಾಡಬಹುದು. ಒಣಗಿದ ಎರೆಮಣ್ಣು ಕಲ್ಲಿನಂತಿರುತ್ತದೆ, ಕಂಬಿ ಇಳಿಯುವುದಿಲ್ಲ. ನಾಲೆಗೆ ನೀರು ಬಿಟ್ಟು ಸುತ್ತಲಿನ ಗದ್ದೆ ತುಂಬಿದ ಮೇಲೆ ಅದೇ ಮಣ್ಣು ಬೆಣ್ಣೆಯಾಗುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಕಪ್ಪು ಮಣ್ಣು ಗಟ್ಟಿಯಾಗಿ ಕಂಡರೆ ಒಂದು ಹೆಂಟೆಯನ್ನು ಬಕೆಟ್ ನೀರಿನಲ್ಲಿ ರಾತ್ರಿಯಿಡೀ ಇಟ್ಟು ನೋಡಿ. ಗರಸು ಪುಡಿಯಾಗಿ ಮರಳಿನಂತೆ ಕೂರುತ್ತದೆ, ಎರೆ ಉಬ್ಬಿ ಅಂಟಾಗುತ್ತದೆ. ಇದು ಸುಳಿವು ಮಾತ್ರ, ಪ್ರಯೋಗಾಲಯದ ವರದಿಗೆ ಬದಲಿಯಲ್ಲ.

ಎರಡನೇ ಭಾಗ: ಮುಳುಗುವುದಲ್ಲ, ವ್ಯತ್ಯಾಸವೇ ಸಮಸ್ಯೆ

ಪತ್ರದ ಮುಖ್ಯ ವಾಕ್ಯಗಳು ಇವು:

“12ನೇ ಪಿಲ್ಲರಿನ ಒಟ್ಟು ಭಾರ ಸುಮಾರು 20 ಟನ್. ನೆಲ ಚದರ ಮೀಟರಿಗೆ 15 ಟನ್ ಹೊರುತ್ತದೆ ಎಂದುಕೊಂಡು 1.2×1.2 ಮೀಟರ್ ಫುಟಿಂಗ್ ಕೊಡಲಾಗಿತ್ತು. ಈಗ ಕಂಡ ಮಣ್ಣು 5 ಟನ್‌ಗಿಂತ ಹೆಚ್ಚು ಹೊರುವುದಿಲ್ಲ. ಹಳೆ ಅಳತೆಯಲ್ಲೇ ಕಟ್ಟಿದರೆ ಈ ಮೂಲೆ ಸುಮಾರು 40 ಮಿ.ಮೀ. ಕುಸಿಯಬಹುದು. ಗರಸಿನ ಮೇಲಿನ ಪಿಲ್ಲರುಗಳು 5 ಮಿ.ಮೀ. ಆಸುಪಾಸಿನಲ್ಲಿ ನಿಲ್ಲುತ್ತವೆ.”

ನಲವತ್ತು ಮಿ.ಮೀ. ಎಂದರೆ ಒಂದೂವರೆ ಅಂಗುಲ. ಇಷ್ಟಕ್ಕೇ ಗಾಬರಿಯೇ ಎಂದು ಕೇಳುವವರಿದ್ದಾರೆ. ನಿಜ, ಮನೆ ಪೂರ್ತಿ ಒಂದೂವರೆ ಅಂಗುಲ ಒಟ್ಟಿಗೆ ಇಳಿದರೆ ಗೋಡೆಗೆ ಏನೂ ಆಗುವುದಿಲ್ಲ, ಹೊರಗಿನ ಪೈಪು, ಮೆಟ್ಟಿಲಿಗೆ ತೊಂದರೆಯಾಗಬಹುದು ಅಷ್ಟೆ. ಭಾರತೀಯ ಮಾನಕ ಐಎಸ್ 1904 ಕೂಡ ಬಿಡಿ ಫುಟಿಂಗ್‌ಗಳಿಗೆ ಮರಳು, ಗಟ್ಟಿ ಜೇಡಿಯಲ್ಲಿ 50 ಮಿ.ಮೀ., ಮೆತ್ತನೆ ಜೇಡಿಯಲ್ಲಿ 75 ಮಿ.ಮೀ. ಕುಸಿತವನ್ನು ಒಪ್ಪುತ್ತದೆ. ಆದರೆ ಅದೇ ಮಾನಕ ಅಕ್ಕಪಕ್ಕದ ಎರಡು ಪಿಲ್ಲರುಗಳ ನಡುವಿನ ವ್ಯತ್ಯಾಸಕ್ಕೆ ಬಹಳ ಬಿಗಿಯಾದ ಮಿತಿ ಹಾಕುತ್ತದೆ. ಕಾಂಕ್ರೀಟ್ ಚೌಕಟ್ಟಿನ ಮನೆಯಲ್ಲಿ ಅದು ಪಿಲ್ಲರುಗಳ ನಡುವಿನ ದೂರದ 0.0015 ಪಾಲು. ನಮ್ಮ ಮಾದರಿ ಮನೆಯಲ್ಲಿ ದೂರ 3.5 ಮೀಟರ್. ಅಂದರೆ ಒಪ್ಪಬಹುದಾದ ವ್ಯತ್ಯಾಸ 5 ಮಿ.ಮೀ. ಮಾತ್ರ. ಪತ್ರದ ಪ್ರಕಾರ ಇಲ್ಲಿ ವ್ಯತ್ಯಾಸ 35 ಮಿ.ಮೀ.

ಪೀಸಾದ ವಾಲು ಗೋಪುರದ ಕತೆಯೂ ಇದೇ. 1173ರಲ್ಲಿ ಶುರುವಾದ ಆ ಗೋಪುರ ಮೂರನೇ ಅಂತಸ್ತು ಮುಗಿಯುವ ಹೊತ್ತಿಗೇ ವಾಲಲು ತೊಡಗಿತ್ತು. ಅಲ್ಲಿನ ನೆಲ ಮೆತ್ತಗಿತ್ತು ಎಂಬುದು ಅರ್ಧ ಕಾರಣ. ದಕ್ಷಿಣದ ಬದಿ ಉತ್ತರಕ್ಕಿಂತ ಹೆಚ್ಚು ಇಳಿಯಿತು ಎಂಬುದು ಉಳಿದರ್ಧ. ಗೋಪುರ ಇಡಿಯಾಗಿ ವಾಲಿಕೊಂಡೇ ನಿಂತಿತು. ನಮ್ಮ ಮನೆಗಳು ಹಾಗೆ ವಾಲುವುದಿಲ್ಲ, ಬಿರಿಯುತ್ತವೆ.

ಒಂದು ಮೂಲೆ ಇಳಿದಾಗ ಆ ಕಡೆಯ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಬಿರುಕು ಮೇಲೆ ಅಗಲ, ಕೆಳಗೆ ಸಣ್ಣ. ಬಾಗಿಲು ಚೌಕಟ್ಟಿಗೆ ಉಜ್ಜುತ್ತದೆ. ದೂರದ 300ನೇ ಒಂದು ಪಾಲು ವ್ಯತ್ಯಾಸವಾದರೆ ಗೋಡೆಗಳು ಬಿರಿಯಲು ತೊಡಗುತ್ತವೆ, 150ನೇ ಒಂದು ಪಾಲಿಗೆ ಬಂದರೆ ಬೀಮು, ಪಿಲ್ಲರಿಗೇ ಪೆಟ್ಟು ಬೀಳಬಹುದು ಎಂಬುದು ಎಂಜಿನಿಯರುಗಳು ಬಹುಕಾಲದಿಂದ ಬಳಸುವ ಅಳತೆಗೋಲು. 3.5 ಮೀಟರಿಗೆ 35 ಮಿ.ಮೀ. ಎಂದರೆ 100ನೇ ಒಂದು ಪಾಲು.

ಇದು ಒಂದೇ ದಿನದಲ್ಲಿ ಆಗುವುದೂ ಇಲ್ಲ. ಜೇಡಿಯೊಳಗಿನ ನೀರು ನಿಧಾನವಾಗಿ ಹಿಂಡಿ ಹೋಗಬೇಕು. ಅದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಬೇಕು. ಅಷ್ಟರಲ್ಲಿ ಬಣ್ಣ ಬಳಿದು, ಗೃಹಪ್ರವೇಶವಾಗಿ, ಮೇಸ್ತ್ರಿಯ ಲೆಕ್ಕ ಚುಕ್ತಾ ಆಗಿರುತ್ತದೆ. ‘ಕಟ್ಟಿ ಆರು ತಿಂಗಳಾಯ್ತು, ಏನೂ ಆಗಿಲ್ಲ’ ಎಂಬ ಫಾರ್ವರ್ಡ್ ನಂಬಲಾಗದ್ದು ಅದಕ್ಕೇ.

ಸೈಜುಗಲ್ಲು, ಹೆಚ್ಚು ಕಂಬಿ, ದೊಡ್ಡ ಫುಟಿಂಗ್: ಯಾಕೆ ಸಾಲದು?

ಸೈಜುಗಲ್ಲು ಸುರಿಯುವುದರಿಂದ ಗುಂಡಿಯ ತಳ ಓಡಾಡಲು ಗಟ್ಟಿಯಾಗುತ್ತದೆ, ಅಷ್ಟೇ. ಕಲ್ಲಿನ ಕೆಳಗೆ ಎರಡು ಮೀಟರ್ ಜೇಡಿ ಹಾಗೇ ಇರುತ್ತದೆ. ಭಾರ ಕಲ್ಲನ್ನು ದಾಟಿ ಜೇಡಿಗೇ ಹೋಗುತ್ತದೆ, ಜತೆಗೆ ಕಲ್ಲಿನ ತೂಕವೂ ಸೇರುತ್ತದೆ. ನೀರು ಬಿಟ್ಟು ಕುಟ್ಟುವುದು ಮರಳಿಗೆ ಸರಿಯಾದ ಮದ್ದು. ಜೇಡಿಗೆ ಅದು ಉಲ್ಟಾ, ಕುಟ್ಟಿದಷ್ಟೂ ರೊಚ್ಚಾಗುತ್ತದೆ.

ಕಂಬಿ ಹೆಚ್ಚಿಸಿದರೆ ಫುಟಿಂಗ್ ಮುರಿಯದು. ಆದರೆ ಮುರಿಯದೆ ಇಡಿಯಾಗಿ ಇಳಿಯಬಹುದಲ್ಲ? ಕಂಬಿ ಕಾಂಕ್ರೀಟಿನ ಶಕ್ತಿ ಹೆಚ್ಚಿಸುತ್ತದೆ, ಮಣ್ಣಿನದ್ದಲ್ಲ.

ಫುಟಿಂಗ್ ದೊಡ್ಡದು ಮಾಡುವ ಸಲಹೆ ಮಾತ್ರ ಅರ್ಧ ಸರಿ. ಅದಕ್ಕೇ ಪತ್ರ ಅದನ್ನು ಲೆಕ್ಕ ಹಾಕಿ ತೋರಿಸುತ್ತದೆ:

“20 ಟನ್ ಭಾರಕ್ಕೆ ಚದರ ಮೀಟರಿಗೆ 5 ಟನ್‌ನಂತೆ 4 ಚದರ ಮೀಟರ್, ಅಂದರೆ 2×2 ಮೀಟರ್ ಫುಟಿಂಗ್ ಬೇಕು. ಅದು ಕಾಂಪೌಂಡ್ ಗೆರೆಗೆ ತಾಗುತ್ತದೆ. ಹಾಗೆ ಮಾಡಿದರೂ ಕುಸಿತ ಸುಮಾರು 22 ಮಿ.ಮೀ. ಇರುತ್ತದೆ. ವ್ಯತ್ಯಾಸ 17 ಮಿ.ಮೀ. ಮಿತಿ 5 ಮಿ.ಮೀ.”

ಅಗಲ ಮಾಡಿದರೂ ಕುಸಿತ ಇಷ್ಟು ಉಳಿಯುವುದು ಯಾಕೆ? ಫುಟಿಂಗಿನ ಒತ್ತಡ ಅದರ ತಳದಲ್ಲೇ ನಿಲ್ಲುವುದಿಲ್ಲ. ಕೆಳಗೆ ಹೋದಂತೆ ಹರಡುತ್ತಾ, ತೆಳುವಾಗುತ್ತಾ, ಸುಮಾರು ಅಗಲದ ಎರಡರಷ್ಟು ಆಳದವರೆಗೆ ಲೆಕ್ಕಕ್ಕೆ ಬರುವಷ್ಟಿರುತ್ತದೆ. ಫುಟಿಂಗ್ ಅಗಲವಾದಷ್ಟೂ ಒತ್ತಡ ಇನ್ನೂ ಆಳಕ್ಕೆ ಮುಟ್ಟುತ್ತದೆ. ಮೇಲಿನ ಪದರ ಗಟ್ಟಿಯಿದ್ದು ಕೆಳಗೆ ಮೆತ್ತಗಿದ್ದರೆ ಇದೇ ಕಾರಣಕ್ಕೆ ಸಣ್ಣ ಪ್ಲೇಟ್ ಇಟ್ಟು ಮಾಡುವ ಪರೀಕ್ಷೆ ಕೂಡ ಸುಳ್ಳು ಭರವಸೆ ಕೊಡುತ್ತದೆ. ಒಂದಡಿ ಪ್ಲೇಟಿಗೆ ಎರಡಡಿಯ ಕೆಳಗೆ ಏನಿದೆ ಎಂದು ಗೊತ್ತಾಗುವುದಿಲ್ಲ.

ಉಳಿದದ್ದು ಎಲ್ಲರಿಗೂ ಹೊಳೆಯುವ ದಾರಿ: ಆ ಗುಂಡಿಯನ್ನು ಮಾತ್ರ ಗರಸು ಸಿಗುವವರೆಗೆ ತೋಡುವುದು. ಎಷ್ಟೋ ಸೈಟುಗಳಲ್ಲಿ ಇದೇ ಸರಿಯಾದ, ಅಗ್ಗದ ಉತ್ತರ. ನಿಮ್ಮ ಎಂಜಿನಿಯರ್ ಈ ದಾರಿಯನ್ನು ಹೆಸರಿಸಿಯೂ ಇಲ್ಲದಿದ್ದರೆ ಯಾಕೆ ಎಂದು ಕೇಳಲೇಬೇಕು. ಮಾದರಿ ಪತ್ರದಲ್ಲಿ ಉತ್ತರ ಇದೆ. ಇನ್ನೂ 2 ಮೀಟರ್ ತೋಡಿದರೆ ಒಟ್ಟು 3.5 ಮೀಟರ್ ಆಳವಾಗುತ್ತದೆ, ನೀರು ಇರುವುದು 2 ಮೀಟರಿಗೆ. ಪಕ್ಕದವರ ಗೋಡೆ ಹತ್ತಿರವೇ ಇದೆ. ನೀರು ಪಂಪ್ ಮಾಡುತ್ತಾ ಅಷ್ಟು ಆಳ ಇಳಿದರೆ ಅವರ ಪಾಯದ ಮಣ್ಣು ಜಾರಿ ಬರಬಹುದು. ಗುಂಡಿಯೊಳಗೆ ಇಳಿದ ಕೂಲಿಯವರ ಮೇಲೆ ಬದಿ ಕುಸಿಯುವ ಅಪಾಯವೂ ಇದೆ, ಯಾವ ಮುಹೂರ್ತಕ್ಕೂ ಅಷ್ಟು ಆಳದ ಗುಂಡಿಗೆ ಆಸರೆಯಿಲ್ಲದೆ ಯಾರನ್ನೂ ಇಳಿಸಬಾರದು ಎಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ತೊಡಕು ಸೈಟಿನ ಒಳಗೇ ಇದೆ. ಅಕ್ಕಪಕ್ಕದ ಫುಟಿಂಗ್‌ಗಳು ಬೇರೆ ಬೇರೆ ಆಳದಲ್ಲಿದ್ದರೆ ನಡುವಿನ ಇಳಿಜಾರು ಎರಡು ಅಡಿ ದೂರಕ್ಕೆ ಒಂದು ಅಡಿಗಿಂತ ಕಡಿದಾಗಿರಬಾರದು ಎನ್ನುತ್ತದೆ ಐಎಸ್ 1904. ಇಲ್ಲದಿದ್ದರೆ ಮೇಲಿನ ಫುಟಿಂಗಿನ ಭಾರ ಕೆಳಗಿನದರ ಮೇಲೆ ಒರಗುತ್ತದೆ. ಇಲ್ಲಿ ಎರಡು ಫುಟಿಂಗ್‌ಗಳ ನಡುವಿನ ಖಾಲಿ ಜಾಗ ಸುಮಾರು 2.2 ಮೀಟರ್. ಅಂದರೆ 1.1 ಮೀಟರ್ ಇಳಿಯಬಹುದು, 2 ಮೀಟರ್ ಅಲ್ಲ.

ಹಾಗಾದರೆ ಪತ್ರ ಏನು ಹೇಳುತ್ತದೆ?

“11ನೇ ಗುಂಡಿಯ ಜೇಡಿ 60 ಸೆಂ.ಮೀ. ಮಾತ್ರ ಇರುವುದರಿಂದ ಅದನ್ನು ಪೂರ್ತಿ ತೆಗೆದು, ಗರಸಿನಿಂದ ಮೇಲಕ್ಕೆ 1:4:8 ಕಾಂಕ್ರೀಟ್ ತುಂಬಿ, ಹಳೆಯ ಮಟ್ಟದಲ್ಲೇ ಫುಟಿಂಗ್ ಹಾಕಲಾಗುವುದು. 12ನೇ ಪಿಲ್ಲರಿಗೆ ಫುಟಿಂಗ್ ಬದಲು 300 ಮಿ.ಮೀ. ದಪ್ಪದ ಎರಡು ಬೋರ್ ಪೈಲ್‌ಗಳನ್ನು, ಜೇಡಿಯನ್ನು ದಾಟಿ ಗರಸಿನೊಳಗೆ 2.5 ಮೀಟರ್ ಇಳಿಯುವಂತೆ ಕೊಡಲಾಗುವುದು. ಒಂದೊಂದರ ಮೇಲೆ 10 ಟನ್ ಭಾರ ಬರುತ್ತದೆ. ಪೈಲ್ ತಲೆಯನ್ನು ಎರಡೂ ದಿಕ್ಕಿನ ಪಿಲ್ಲರುಗಳಿಗೆ ಬೀಮುಗಳಿಂದ ಕಟ್ಟಲಾಗುವುದು. ಸಹಿ ಮಾಡಿದ ಹೊಸ ನಕ್ಷೆ, ಐಟಂವಾರು ದರಪಟ್ಟಿ ಇದರೊಂದಿಗಿವೆ. ತಮ್ಮ ಲಿಖಿತ ಒಪ್ಪಿಗೆ ಬರುವವರೆಗೆ ಈ ಎರಡು ಗುಂಡಿಗಳಲ್ಲಿ ಕಾಂಕ್ರೀಟ್ ಹಾಕುವುದಿಲ್ಲ. ಗುಂಡಿಗಳಿಗೆ ಮಳೆ ನೀರು ಬೀಳದಂತೆ ಮುಚ್ಚಿದ್ದೇವೆ.”

ಪೈಲ್ ಮಾಡುವ ಕೆಲಸ ಸರಳ: ಭಾರವನ್ನು ಜೇಡಿಯ ಮೂಲಕ ದಾಟಿಸಿ ಗರಸಿಗೆ ಒಪ್ಪಿಸುವುದು. ಹಾಗಾಗಿ ಜೇಡಿಯ ಭಾಗ ಭಾರ ಹೊರುತ್ತದೆ ಎಂದು ಲೆಕ್ಕ ಹಾಕುವಂತಿಲ್ಲ. 4.5 ಮೀಟರ್ ಉದ್ದದ ಇಂಥ ಎರಡು ಪೈಲ್‌ಗಳಿಗೆ ಬೇಕಾಗುವ ಕಾಂಕ್ರೀಟ್ ಒಂದು ಘನ ಮೀಟರಿಗೂ ಕಡಿಮೆ. ದುಡ್ಡು ಹೋಗುವುದು ಹೆಚ್ಚಾಗಿ ಬೋರ್ ಕೊರೆಯುವ ಯಂತ್ರವನ್ನು ತರಿಸುವುದಕ್ಕೆ. ದರಪಟ್ಟಿಯಲ್ಲಿ ಯಂತ್ರದ ಬಾಡಿಗೆ ಕಡಿಮೆಯಿದ್ದು ಸಿಮೆಂಟು, ಕಂಬಿಯ ಲೆಕ್ಕ ಬೆಟ್ಟದಷ್ಟಿದ್ದರೆ ಅಲ್ಲಿ ಪ್ರಶ್ನೆ ಕೇಳಿ.

ಪೈಲ್ ಕೆಡುವುದೂ ಉಂಟು. ಕೊರೆದ ತೂತಿನ ತಳದಲ್ಲಿ ಕೆಸರು ಉಳಿದರೆ, ಅಥವಾ ಜೇಡಿಯ ಬದಿ ಒಳಕ್ಕೆ ಉಬ್ಬಿ ಪೈಲ್ ಅಲ್ಲಿ ಸಣ್ಣದಾದರೆ, ಮೇಲಿನಿಂದ ಯಾರಿಗೂ ಕಾಣುವುದಿಲ್ಲ. ಪತ್ತೆ ಹಚ್ಚಲು ಒಂದು ಸುಲಭ ಲೆಕ್ಕ ಇದೆ. 300 ಮಿ.ಮೀ. ದಪ್ಪದ ತೂತಿಗೆ ಮೀಟರ್ ಉದ್ದಕ್ಕೆ 0.07 ಘನ ಮೀಟರ್ ಕಾಂಕ್ರೀಟ್ ಹಿಡಿಯಬೇಕು, 4.5 ಮೀಟರಿಗೆ 0.32. ಹೋದ ಕಾಂಕ್ರೀಟ್ ಇದಕ್ಕಿಂತ ಕಡಿಮೆಯಾದರೆ ಎಲ್ಲೋ ತೂತು ಮುಚ್ಚಿಕೊಂಡಿದೆ ಎಂದರ್ಥ. ಕೊರೆದ ಆಳವನ್ನು ಟೇಪ್ ಬಿಟ್ಟು ಕಾಂಕ್ರೀಟ್ ಹಾಕುವ ಮುಂಚೆ ಮತ್ತೊಮ್ಮೆ ಅಳೆಯಬೇಕು. ಆ ಹೊತ್ತಿಗೆ ಮನೆಯವರೊಬ್ಬರು ಸೈಟಿನಲ್ಲಿದ್ದರೆ ಒಳ್ಳೆಯದು.

ಇನ್ನು ‘ದುಡ್ಡು ಮಾಡುವ ದಾರಿ’ ಎಂಬ ಅನುಮಾನ. ಅದು ಯಾವಾಗಲೂ ಸುಳ್ಳು ಎಂದು ನಾವು ಹೇಳುವುದಿಲ್ಲ. ‘ಮಣ್ಣು ಸರಿಯಿಲ್ಲ, ಇಡೀ ಮನೆಗೆ ರಾಫ್ಟ್ ಹಾಕಬೇಕು’ ಎಂದು ಒಂದೇ ಸಾಲಿನ ಮೆಸೇಜ್ ಬಂದರೆ ಅನುಮಾನ ಪಡುವುದೇ ಸರಿ. ಆದರೆ ಪತ್ರದಲ್ಲಿ ಗುಂಡಿಯ ನಂಬರ್, ಆಳ, ಪರೀಕ್ಷೆಯ ಅಂಕಿ, ಕೈಬಿಟ್ಟ ದಾರಿಗಳು ಮತ್ತು ಕೈಬಿಟ್ಟ ಕಾರಣ, ಸಹಿಯಿರುವ ನಕ್ಷೆ ಇದ್ದರೆ ಅದನ್ನು ಬೇರೊಬ್ಬ ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ ಪರಿಶೀಲಿಸಬಹುದು. ಸುಳ್ಳು ಹೇಳುವವರು ಸಾಮಾನ್ಯವಾಗಿ ಅಳೆದು ನೋಡಬಹುದಾದ ಅಂಕಿ ಕೊಡುವುದಿಲ್ಲ. ಗುಂಡಿ ಇನ್ನೂ ತೆರೆದೇ ಇರುವಾಗ ಹೋಗಿ ಕಂಬಿ ಒತ್ತಿ ನೋಡಿ. ಕಾಂಕ್ರೀಟ್ ಬಿದ್ದ ಮೇಲೆ ನೋಡಲು ಏನೂ ಉಳಿಯುವುದಿಲ್ಲ.

ಹೆಚ್ಚಿನ ಖರ್ಚು ಯಾರದ್ದು ಎಂಬ ಜಗಳ ಬೇರೆ. ಅದು ಕರಾರಿನಲ್ಲಿ ಏನು ಬರೆದಿದೆ ಎಂಬುದರ ಮೇಲೆ ಹೋಗುತ್ತದೆ, ನಮ್ಮ ಕಡೆ ಎಷ್ಟೋ ಕರಾರುಗಳು ಬಾಯಿಮಾತಿನವು. ಮಣ್ಣು ಪರೀಕ್ಷೆಯನ್ನು ಮೊದಲೇ ಮಾಡಿಸಿದ್ದರೆ ಈ ಜಗಳ ಚಿಕ್ಕದಾಗುತ್ತಿತ್ತು, ಆದರೆ ಇಲ್ಲವಾಗುತ್ತಿತ್ತು ಎನ್ನಲಾಗದು. ಸೈಟಿನ ನಡುವೆ ತೆಗೆದ ಒಂದೇ ಬೋರ್ ಮೂಲೆಯ ಹಳೆ ಕಟ್ಟೆಯನ್ನು ಕಾಣದೆ ಹೋಗಬಹುದು. ಗದ್ದೆ ಇದ್ದ ಜಾಗದಲ್ಲಿ 30×40 ಸೈಟಿಗೂ ಎದುರು ಬದುರು ಮೂಲೆಗಳಲ್ಲಿ ಎರಡು ಕಡೆಯಾದರೂ ನೋಡಿಸುವುದು ಮೇಲು. ಅದಾದ ಮೇಲೂ ಹನ್ನೆರಡು ಗುಂಡಿಗಳ ತಳವನ್ನು ಒಂದೊಂದಾಗಿ ಯಾರಾದರೂ ಇಳಿದು ನೋಡಿ, ನಂಬರ್ ಹಾಕಿ, ಬರೆದಿಟ್ಟ ನಂತರವೇ ಬೆಡ್ ಕಾಂಕ್ರೀಟ್ ಹಾಕಬೇಕು.